ಎರಡು ತ್ರಿರತ್ನ, ಎರಡು ಪಂಚಕ: ಆರು ಧರ್ಮಗಳ ಪೇಪರಿಗೆ ನಾಲ್ಕು ವಾರದ ತಯಾರಿ

ಪ್ರಶ್ನೆ: ಸರ್, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ ದೂರಶಿಕ್ಷಣದಲ್ಲಿ ತತ್ವಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ‘ಜಗತ್ತಿನ ಧರ್ಮಗಳು’ ಪೇಪರಿಗೆ ಇನ್ನು ನಾಲ್ಕು ವಾರ ಇದೆ. ಹಿಂದೂ, ಜೈನ, ಬೌದ್ಧ, ಸಿಖ್, ಕ್ರೈಸ್ತ, ಇಸ್ಲಾಂ ಹೀಗೆ ಆರು ಧರ್ಮಗಳು. 3 ಗಂಟೆ, 80 ಅಂಕ. 16 ಅಂಕದ ನಾಲ್ಕು ಪ್ರಶ್ನೆ, 4 ಅಂಕದ ನಾಲ್ಕು ಟಿಪ್ಪಣಿ. ದಿನಕ್ಕೆ ಎರಡು ಗಂಟೆ, ಭಾನುವಾರ ನಾಲ್ಕು ಗಂಟೆ ಸಿಗುತ್ತದೆ. ಎಲ್ಲವನ್ನೂ ಎರಡು ಸಲ ಓದಿದ್ದೇನೆ, ಆದರೂ ಕಲಸಿಹೋಗುತ್ತದೆ. ಇಂಟರ್ನಲ್ ಟೆಸ್ಟಿನಲ್ಲಿ ಜೈನರ ತ್ರಿರತ್ನ ಕೇಳಿದರೆ ಬುದ್ಧ, ಧಮ್ಮ, ಸಂಘ ಅಂತ ಬರೆದುಬಂದೆ. ಸೀನಿಯರ್ ಒಬ್ಬರು ‘ಮೂರು ಧರ್ಮ ಚೆನ್ನಾಗಿ ಓದು, ಉಳಿದದ್ದು ಬಿಡು’ ಅಂತಾರೆ. ಇನ್ನೊಬ್ಬರು ‘ಎಲ್ಲಾ ಧರ್ಮ ಹೇಳೋದೂ ಒಂದೇ, ಹಾಗೇ ಬರಿ’ ಅಂತಾರೆ. ಹಿಂದೂ ಧರ್ಮ ಮನೆಯಲ್ಲೇ ಗೊತ್ತಿರುವುದರಿಂದ ಅದನ್ನು ಬಿಡಬಹುದಾ? ದಾರಿ ತೋರಿಸಿ.

ಉತ್ತರ: ಈ ಪೇಪರನ್ನು ಪಾಠ ಮಾಡಿದವನಾಗಿ, ಉತ್ತರಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ: ನಿಮ್ಮ ತಪ್ಪನ್ನು ಚೆನ್ನಾಗಿ ಓದಿದವರೇ ಮಾಡುತ್ತಾರೆ. ಓದದವರು ಅಲ್ಲಿ ಜಾಗ ಖಾಲಿ ಬಿಡುತ್ತಾರೆ.

ಮಹಾವೀರ, ಬುದ್ಧ ಇಬ್ಬರೂ ಸಮಕಾಲೀನರು. ಇವತ್ತಿನ ಬಿಹಾರದ ಆಸುಪಾಸಿನಲ್ಲಿ ಓಡಾಡಿದವರು. ಇಬ್ಬರ ಪರಂಪರೆಗಳೂ ಒಂದೇ ಶಬ್ದಗಳನ್ನು ಬಳಸಿ ಬೇರೆ ಬೇರೆ ಮಾತು ಹೇಳಿದವು. ತ್ರಿರತ್ನ ಎರಡೂ ಕಡೆ ಇದೆ. ಜೈನರಿಗೆ ಅದು ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ. ಬೌದ್ಧರಿಗೆ ಶರಣು ಹೋಗುವ ಮೂರು ಆಸರೆಗಳು. ಐದರ ಪಟ್ಟಿಯೂ ಎರಡೂ ಕಡೆ ಇದೆ. ಅಹಿಂಸೆ, ಸತ್ಯ, ಕಳ್ಳತನ ಮಾಡದಿರುವುದು ಇವು ಪಂಚವ್ರತದಲ್ಲೂ ಇವೆ, ಪಂಚಶೀಲದಲ್ಲೂ ಇವೆ. ಹಾಗಾಗಿ ಒಂದನ್ನು ಓದಿದ ಬೆನ್ನಿಗೇ ಇನ್ನೊಂದನ್ನು ಓದಿದರೆ ಎರಡನೆಯದು ಮೊದಲನೆಯದರ ಮೇಲೆ ಕೂತುಬಿಡುತ್ತದೆ. ನಿಮ್ಮ ಪುಸ್ತಕದಲ್ಲಿ ಈ ಎರಡು ಅಧ್ಯಾಯಗಳು ಪಕ್ಕಪಕ್ಕದಲ್ಲೇ ಇರಬೇಕು. ಎರಡು ಸಲ ಓದಿದಾಗಲೂ ಅದೇ ಕ್ರಮದಲ್ಲಿ ಓದಿರುತ್ತೀರಿ, ಅಲ್ವಾ?

ಇನ್ನೊಂದು ಕಾರಣ ಓದುವ ರೀತಿಯದು. ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತ ಅನ್ನಿಸುತ್ತದೆ. ಆ ಪರಿಚಯವನ್ನೇ ನಾವು ‘ಬರುತ್ತದೆ’ ಅಂದುಕೊಳ್ಳುತ್ತೇವೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಗದ್ಯಭಾಗವೊಂದನ್ನು ಓದಿಸಿ, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು. ಉಳಿದವರಿಗೆ ಪುಟ ಮುಚ್ಚಿ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇ. 42, ಬರೆದು ನೋಡಿದವರಿಗೆ ಶೇ. 56. ನಿಮ್ಮ ಪರೀಕ್ಷೆ ಇರುವುದು ನಾಲ್ಕು ವಾರದ ಆಚೆ. ಮೂರನೇ ಸಲ ಸುಮ್ನೆ ಓದುವುದರಲ್ಲಿ ಲಾಭ ಕಡಿಮೆ.

ಈಗ ಸೀನಿಯರ್‌ಗಳ ಮಾತಿಗೆ ಬರುತ್ತೇನೆ. ಮೂರು ಧರ್ಮ ಓದಿ ಮೂರು ಬಿಡುವುದು ಕೆಲವೊಮ್ಮೆ ದಡ ಮುಟ್ಟಿಸುತ್ತದೆ, ಸುಳ್ಳು ಹೇಳುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಇಷ್ಟ ಬಂದದ್ದನ್ನು ಆರಿಸಿಕೊಳ್ಳಲು ಅವಕಾಶ ಜಾಸ್ತಿ ಇದ್ದರೆ ಪಾಸಾಗಬಹುದು. ಆದರೆ ಆಯ್ಕೆ ಘಟಕದ ಒಳಗೇ ಇದ್ದರೆ, ಅಂದರೆ ‘ಪ್ರತಿ ಘಟಕದಿಂದ ಒಂದನ್ನು ಉತ್ತರಿಸಿ’ ಅಂತಿದ್ದರೆ, ಬಿಟ್ಟ ಘಟಕಕ್ಕೆ 16 ಅಂಕ ನೇರವಾಗಿ ಹೋಯಿತು. ‘ಹೋಲಿಸಿ’ ಎನ್ನುವ ಪ್ರಶ್ನೆಯಲ್ಲಂತೂ ಜೋಡಿಯಲ್ಲಿ ಒಂದು ಗೊತ್ತಿಲ್ಲದಿದ್ದರೆ ಇನ್ನೊಂದು ಗೊತ್ತಿದ್ದೂ ಪ್ರಯೋಜನವಿಲ್ಲ. ಇವತ್ತೇ ಹಳೆ ಪ್ರಶ್ನೆಪತ್ರಿಕೆಗಳನ್ನು ತೆಗೆದು ಆಯ್ಕೆ ಎಲ್ಲಿದೆ ಎಂದು ನೋಡಿ. ಸಮಯ ಸಾಲದಿದ್ದರೆ ಬಿಡಬೇಕಾದದ್ದು ಪ್ರತಿ ಧರ್ಮದ ಇತಿಹಾಸದ ವಿವರ, ಹಬ್ಬಗಳ ಪಟ್ಟಿ ಇಂಥವನ್ನು. ಇಡೀ ಧರ್ಮವನ್ನು ಬಿಡಬೇಡಿ.

‘ಎಲ್ಲಾ ಧರ್ಮ ಹೇಳೋದೂ ಒಂದೇ’ ಅನ್ನುವುದು ಬಾಳುವೆಗೆ ಒಳ್ಳೆಯ ಮಾತಿರಬಹುದು. ಉತ್ತರಪತ್ರಿಕೆಯಲ್ಲಿ ಅದು ಅಂಕ ತಿನ್ನುತ್ತದೆ. ಕ್ರೈಸ್ತರ ತ್ರಯೇಕ ದೇವರನ್ನು ಬ್ರಹ್ಮ, ವಿಷ್ಣು, ಮಹೇಶ್ವರರಿಗೆ ಸಮ ಮಾಡಿದ ಉತ್ತರಗಳು ಪ್ರತಿ ವರ್ಷ ಬರುತ್ತವೆ. ತ್ರಿಮೂರ್ತಿಗಳಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂಬ ಮೂರು ಕೆಲಸಗಳ ಹಂಚಿಕೆ ಇದೆ. ತ್ರಯೇಕದಲ್ಲಿ ತಂದೆ, ಮಗ, ಪವಿತ್ರಾತ್ಮ ಮೂವರದೂ ಒಂದೇ ಸತ್ತ್ವ, ಕೆಲಸ ಹಂಚಿಕೊಂಡ ಮೂವರು ದೇವರಲ್ಲ. ಮಗನು ತಂದೆಯೊಂದಿಗೆ ಒಂದೇ ಸತ್ತ್ವದವನು ಎಂದು ಒತ್ತಿಹೇಳಲೆಂದೇ 325ರ ನೈಸಿಯಾ ಸಭೆ ವಿಶ್ವಾಸಪ್ರಮಾಣವನ್ನು ಬರೆಯಿತು. ಹಾಗೆಯೇ ಆದಿಪಾಪವನ್ನು ಇಸ್ಲಾಮಿಗೂ ಅಂಟಿಸುತ್ತಾರೆ. ಕುರಾನಿನ ಎರಡನೇ ಅಧ್ಯಾಯದಲ್ಲಿ ಆದಮ್ ಪಶ್ಚಾತ್ತಾಪಪಟ್ಟಾಗ ದೇವರು ಅದನ್ನು ಸ್ವೀಕರಿಸುತ್ತಾನೆ. ಆ ತಪ್ಪು ಸಂತಾನಕ್ಕೆ ಇಳಿಯುವುದಿಲ್ಲ.

ಇನ್ನು ಮನೆಯಲ್ಲೇ ಗೊತ್ತಿರುವ ಹಿಂದೂ ಧರ್ಮ. ನಾನು ತಿದ್ದಿದ ಪತ್ರಿಕೆಗಳಲ್ಲಿ ತೀರಾ ಸಡಿಲವಾಗಿರುವ ಉತ್ತರಗಳು ಈ ಘಟಕದವೇ. ಮನೆಯಲ್ಲಿ ಕಲಿತದ್ದು ಆಚರಣೆ, ಪತ್ರಿಕೆ ಕೇಳುವುದು ಸಿದ್ಧಾಂತ. ‘ಹಿಂದೂ ಧರ್ಮದಲ್ಲಿ ಮೋಕ್ಷ’ ಎಂದು ಕೇಳಿದರೆ ಹುಡುಗರು ‘ಜೀವ ಬ್ರಹ್ಮದಲ್ಲಿ ಲೀನವಾಗುತ್ತದೆ’ ಎಂದು ಬರೆದು ಮುಗಿಸುತ್ತಾರೆ. ಉಡುಪಿಯ ಮಾಧ್ವರು ಇದನ್ನು ಒಪ್ಪುವುದೇ ಇಲ್ಲ. ಮಧ್ವರ ಪ್ರಕಾರ ಮುಕ್ತಿಯಲ್ಲೂ ಜೀವ ದೇವರಿಂದ ಬೇರೆಯೇ. ಮುಕ್ತರು ಅನುಭವಿಸುವ ಆನಂದದಲ್ಲೂ ತಾರತಮ್ಯ ಇದೆ. ಮೇಲುಕೋಟೆಯ ಕಡೆಯ ಶ್ರೀವೈಷ್ಣವರನ್ನು ಕೇಳಿದರೆ ವೈಕುಂಠದಲ್ಲಿ ನಾರಾಯಣನ ಕೈಂಕರ್ಯ ಎನ್ನುತ್ತಾರೆ. ಜ್ಞಾನ ಬಂದ ಕ್ಷಣ ಬದುಕಿರುವಾಗಲೇ ಮುಕ್ತಿ ಎನ್ನುವುದು ಶೃಂಗೇರಿ ಪರಂಪರೆಯ ಅದ್ವೈತ. ಮೂರೂ ನಮ್ಮ ರಾಜ್ಯದಲ್ಲೇ ಜೀವಂತ ಇವೆ. ಉತ್ತರದಲ್ಲಿ ಮೂರೂ ಬರಬೇಕು. ಆದ್ದರಿಂದ ಈ ಘಟಕಕ್ಕೂ ಉಳಿದವುಗಳಷ್ಟೇ ದಿನ ಕೊಡಿ.

ನಾನು ಹೇಳುವ ಯೋಜನೆ ಮೂರು ಸುತ್ತಿನದು. ಮೊದಲ ಎರಡು ವಾರ ಧರ್ಮದಿಂದ ಧರ್ಮಕ್ಕೆ, ಮೂರನೇ ವಾರ ಎಲ್ಲ ಧರ್ಮಗಳನ್ನೂ ಒಂದೊಂದು ವಿಷಯದ ಮೇಲೆ ಎದುರುಬದುರು ಕೂರಿಸುವುದು, ನಾಲ್ಕನೇ ವಾರ ಗಡಿಯಾರ ಇಟ್ಟು ಬರೆಯುವುದು.

ಮೊದಲ ಸುತ್ತಿನಲ್ಲಿ ಧರ್ಮಕ್ಕೆ ಎರಡು ದಿನ. ಕ್ರಮ ಮುಖ್ಯ. ಮೊದಲ ವಾರ ಜೈನ, ಕ್ರೈಸ್ತ, ಹಿಂದೂ. ಎರಡನೇ ವಾರ ಬೌದ್ಧ, ಇಸ್ಲಾಂ, ಸಿಖ್. ಒಂದನ್ನೊಂದು ಹೋಲುವವು ಹೀಗೆ ದೂರ ಕೂರುತ್ತವೆ, ಮೊದಲನೆಯದು ಗಟ್ಟಿಯಾದ ಮೇಲೆಯೇ ಎರಡನೆಯದು ಬರುತ್ತದೆ. ಮೊದಲ ದಿನ ಅಧ್ಯಾಯವನ್ನು ಒಂದು ಸಲ ಓದಿ, ಪುಸ್ತಕ ಮುಚ್ಚಿ, ಒಂದೇ ಹಾಳೆಯಲ್ಲಿ ಆರು ಪ್ರಶ್ನೆಗೆ ಉತ್ತರ ಬರೆಯಿರಿ. ಈ ಧರ್ಮದ ಪ್ರಕಾರ ಮನುಷ್ಯನ ಮೂಲ ತೊಂದರೆ ಏನು? ಪಾರಾಗುವ ದಾರಿ ಯಾವುದು? ಕೊನೆಗೆ ಮುಟ್ಟುವುದು ಎಲ್ಲಿಗೆ? ಪರಮಸತ್ಯ ಯಾವುದು? ಯಾವ ಗ್ರಂಥ ಪ್ರಮಾಣ? ಸಮುದಾಯ ಹೇಗೆ ಕಟ್ಟಿಕೊಂಡಿತು, ಒಳಪಂಗಡಗಳಿದ್ದರೆ ಯಾವ ಮಾತಿಗೆ ಬೇರೆಯಾದವು? ಎರಡನೇ ದಿನ ಆ ಹಾಳೆ ನೋಡದೆ ಹೊಸ ಹಾಳೆಯಲ್ಲಿ ಮತ್ತೆ ಬರೆದು, ಪುಸ್ತಕದ ಜೊತೆ ತಾಳೆ ನೋಡಿ, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಕೆಂಪಾದದ್ದಷ್ಟೇ ಇನ್ನು ನೀವು ಓದಬೇಕಾದದ್ದು.

ಸಿಖ್ ಧರ್ಮದ ಹಾಳೆ ಹೀಗಿರಬಹುದು. ತೊಂದರೆ: ಹೌಮೈ, ಅಂದರೆ ‘ನಾನು’ ಎಂಬ ಅಹಂ. ದಾರಿ: ನಾಮಸ್ಮರಣೆ, ಪ್ರಾಮಾಣಿಕ ದುಡಿಮೆ, ಹಂಚಿಕೊಂಡು ತಿನ್ನುವುದು, ಇವುಗಳ ಮೇಲೆ ದೇವರ ಕೃಪೆ. ಗುರಿ: ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ, ದೇವರಲ್ಲಿ ಒಂದಾಗುವುದು. ಪರಮಸತ್ಯ: ನಿರಾಕಾರನಾದ ಒಬ್ಬನೇ ದೇವರು. ಪ್ರಮಾಣ: ಗುರು ಗ್ರಂಥ ಸಾಹಿಬ್. ಸಮುದಾಯ: 1699ರಲ್ಲಿ ಗುರು ಗೋವಿಂದ ಸಿಂಗರು ಕಟ್ಟಿದ ಖಾಲ್ಸಾ. ಇಷ್ಟು ಬಂದರೆ ಟಿಪ್ಪಣಿಗೂ ಸಾಕು, ದೊಡ್ಡ ಪ್ರಶ್ನೆಗೂ ಬುನಾದಿ ಸಿಕ್ಕಿತು.

ಈ ಆರು ಪ್ರಶ್ನೆಗಳು ಎಲ್ಲ ಧರ್ಮಕ್ಕೂ ಸಮನಾಗಿ ಹೊಂದುವುದಿಲ್ಲ, ಅದೂ ಗೊತ್ತಿರಲಿ. ‘ಪಾರಾಗುವುದು’ ಎನ್ನುವುದೇ ನಮ್ಮ ಕಡೆಯ ಯೋಚನೆ. ಇಸ್ಲಾಮಿನ ಹಾಳೆಯಲ್ಲಿ ಆ ಜಾಗ ಇಕ್ಕಟ್ಟಾಗುತ್ತದೆ. ಅಲ್ಲಿ ಮುಖ್ಯವಾದದ್ದು ಒಬ್ಬನೇ ದೇವರಿಗೆ ಶರಣಾಗಿ ಬದುಕುವುದು, ಕೊನೆಯ ದಿನ ಲೆಕ್ಕ ಒಪ್ಪಿಸುವುದು. ಎಲ್ಲಿ ಪ್ರಶ್ನೆ ಹೊಂದುವುದಿಲ್ಲವೋ ಅಲ್ಲಿ ‘ಹೊಂದುವುದಿಲ್ಲ, ಯಾಕೆಂದರೆ’ ಎಂದು ಬರೆಯಿರಿ. ಹೋಲಿಕೆಯ ಪ್ರಶ್ನೆಗೆ ಒಳ್ಳೆಯ ಅಂಶಗಳು ಸಿಗುವುದು ಅಲ್ಲೇ.

ಪ್ರತಿ ದಿನ ಕೂತ ತಕ್ಷಣದ ಕಾಲು ಗಂಟೆ ಹಳೆಯದಕ್ಕೆ ಮೀಸಲಿಡಿ. ನಿನ್ನೆಯದಲ್ಲದ ಒಂದು ಧರ್ಮವನ್ನು ಖಾಲಿ ಹಾಳೆಯ ಮೇಲೆ ಬರೆಯಿರಿ. ಬೇಸರ ಆಗುತ್ತದೆ, ಅರ್ಧ ಮರೆತಿದ್ದೂ ಗೊತ್ತಾಗುತ್ತದೆ. ಆದರೂ ಬಿಡಬೇಡಿ. ಎರಡನೇ ಭಾನುವಾರ ಆರೂ ಹಾಳೆಗಳನ್ನು ಪುಸ್ತಕ ಇಲ್ಲದೆ ಬರೆಯಿರಿ. ಯಾವುದಾದರೂ ಎರಡರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಉಳಿದರೆ ಮೂರನೇ ವಾರದ ಮೊದಲ ಎರಡು ದಿನ ಅವಕ್ಕೇ ಕೊಡಿ. ಹೋಲಿಕೆಯನ್ನು ಆತುರದಲ್ಲಿ ಶುರು ಮಾಡಿದರೆ ಹಳೆಯ ಕಲಬೆರಕೆ ವಾಪಸ್ ಬರುತ್ತದೆ.

ನಿಮ್ಮ ಸಮಸ್ಯೆಗೆ ನಿಜವಾದ ಮದ್ದು ಮೂರನೇ ವಾರದ್ದು. ದಿನಕ್ಕೊಂದು ವಿಷಯ: ದೇವರು, ಕರ್ಮ, ಮುಕ್ತಿ, ನೀತಿ, ಪೂಜೆ ಮತ್ತು ಪ್ರಾರ್ಥನೆ, ಪಂಗಡಗಳು. ಇಲ್ಲಿಯವರೆಗೆ ದೂರ ಇಟ್ಟವನ್ನು ಈಗ ಬೇಕೆಂದೇ ಹತ್ತಿರ ತರುತ್ತೀರಿ. ಹತ್ತಿರ ತಂದಾಗ ಒಂದೇ ಪ್ರಶ್ನೆ ಕೇಳಬೇಕು: ಎಲ್ಲಿಗೆ ಬಂದು ಇವೆರಡೂ ಬೇರೆಯಾಗುತ್ತವೆ? ಐದರ ಪಟ್ಟಿಯನ್ನೇ ನೋಡಿ. ಅಹಿಂಸೆ, ಸತ್ಯ, ಕಳ್ಳತನ ಮಾಡದಿರುವುದು ಎರಡೂ ಕಡೆ ಇವೆ ಅಂತ ಗೊತ್ತಿದೆ, ಅದರ ಮೇಲೆ ಶ್ರಮ ಹಾಕಬೇಡಿ. ಕೊನೆಯದನ್ನು ಹಿಡಿಯಿರಿ. ಜೈನರದು ಅಪರಿಗ್ರಹದಲ್ಲಿ ಮುಗಿಯುತ್ತದೆ, ಬೌದ್ಧರದು ಮದ್ಯ ಮುಟ್ಟದಿರುವುದರಲ್ಲಿ. ಶ್ರವಣಬೆಳಗೊಳದ ಬಾಹುಬಲಿ ಮೈಮೇಲೆ ಬಟ್ಟೆಯೂ ಇಲ್ಲದೆ ನಿಂತಿರುವುದನ್ನು ನೋಡಿದ ಕನ್ನಡಿಗರಿಗೆ ಅಪರಿಗ್ರಹ ಯಾರ ವ್ರತ ಎಂದು ಮರೆಯುವುದು ಕಷ್ಟ. ಸಿಲೆಬಸ್ಸಿನಲ್ಲಿ ವೀರಶೈವ ಲಿಂಗಾಯತ ಭಾಗವೂ ಇದ್ದರೆ ‘ಪಂಚಾಚಾರ’ದ ಬಗ್ಗೆಯೂ ಎಚ್ಚರ ಬೇಕು. ಲಿಂಗಾಚಾರದಿಂದ ಶುರುವಾಗುವುದು ಶರಣರದು, ಜ್ಞಾನ ದರ್ಶನಗಳ ಹೆಸರಿನಲ್ಲಿ ಬರುವುದು ಜೈನರದು.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ‘ಜೈನ ಮತ್ತು ಬೌದ್ಧ ಧರ್ಮಗಳ ಕರ್ಮ ಸಿದ್ಧಾಂತವನ್ನು ಹೋಲಿಸಿ.’ 16 ಅಂಕ. ಸಾಮಾನ್ಯವಾಗಿ ಬರುವ ಉತ್ತರದಲ್ಲಿ ಎರಡು ಪುಟ ಜೈನ, ಎರಡು ಪುಟ ಬೌದ್ಧ, ಕೊನೆಗೆ ‘ಹೀಗೆ ಎರಡೂ ಧರ್ಮಗಳು ಕರ್ಮವನ್ನು ಒಪ್ಪುತ್ತವೆ’ ಎಂಬ ಸಾಲು. ವಿಷಯ ಸರಿ ಇದ್ದರೂ ಇದಕ್ಕೆ ನಾನು ಅರ್ಧದ ಆಸುಪಾಸಿನಲ್ಲೇ ಅಂಕ ಕೊಡುತ್ತೇನೆ. ಹೋಲಿಸುವ ಕೆಲಸವೇ ಆಗಿಲ್ಲ.

ಶುರುವಿನಲ್ಲಿ ನಾಲ್ಕೈದು ಸಾಲಿನಲ್ಲಿ ಸಮಾನ ನೆಲ ಹೇಳಿಬಿಡಿ. ಎರಡೂ ಪುನರ್ಜನ್ಮವನ್ನು ಒಪ್ಪುತ್ತವೆ. ಎರಡೂ ವೇದವನ್ನು ಪ್ರಮಾಣ ಎನ್ನುವುದಿಲ್ಲ. ಕರ್ಮಕ್ಕೆ ಫಲ ಕೊಡಲು ಮೇಲೊಬ್ಬ ಈಶ್ವರ ಬೇಕು ಎಂದು ಎರಡೂ ಹೇಳುವುದಿಲ್ಲ.

ಆಮೇಲೆ ಮೊದಲ ಕವಲು: ಕರ್ಮ ಅಂದರೆ ಏನು? ಜೈನರಿಗೆ ಅದು ಪುದ್ಗಲ, ಸೂಕ್ಷ್ಮವಾದ ಒಂದು ದ್ರವ್ಯ. ಮನಸ್ಸು, ಮಾತು, ದೇಹದ ಚಟುವಟಿಕೆಯಿಂದ ಅದು ಜೀವದ ಕಡೆ ಹರಿದು ಬರುತ್ತದೆ, ಇದು ಆಸ್ರವ. ಕೋಪ, ಮಾನ, ಮಾಯೆ, ಲೋಭ ಎಂಬ ಕಷಾಯಗಳು ಇದ್ದರೆ ಅಂಟಿಕೊಳ್ಳುತ್ತದೆ, ಇದು ಬಂಧ. ಹೊಸದು ಬರದಂತೆ ತಡೆಯುವುದು ಸಂವರ, ಅಂಟಿದ್ದನ್ನು ಉದುರಿಸುವುದು ನಿರ್ಜರಾ. ಬುದ್ಧನಿಗೆ ಕರ್ಮ ಎಂದರೆ ಚೇತನಾ, ಅಂದರೆ ಸಂಕಲ್ಪ. ಅಂಗುತ್ತರ ನಿಕಾಯದಲ್ಲಿ ಅವನು ‘ಚೇತನಾಹಂ ಭಿಕ್ಖವೇ ಕಮ್ಮಂ ವದಾಮಿ’ ಎಂದು ನೇರವಾಗಿಯೇ ಹೇಳುತ್ತಾನೆ.

ಇಲ್ಲಿ ಮಜ್ಝಿಮ ನಿಕಾಯದ ಉಪಾಲಿ ಸುತ್ತವನ್ನು ತಂದರೆ ಉತ್ತರಕ್ಕೆ ಜೀವ ಬರುತ್ತದೆ. ನಾಳಂದದಲ್ಲಿ ನಡೆಯುವ ಸಂವಾದ ಅದು. ದೇಹ, ಮಾತು, ಮನಸ್ಸು ಈ ಮೂರರಲ್ಲಿ ಯಾವುದರ ಪಾಪ ದೊಡ್ಡದು ಎಂಬ ಚರ್ಚೆ. ನಿಗಂಠರು, ಅಂದರೆ ಜೈನರು, ದೇಹದ್ದು ಎನ್ನುತ್ತಾರೆ. ಬುದ್ಧ ಮನಸ್ಸಿನದ್ದು ಎನ್ನುತ್ತಾನೆ. ನಿಗಂಠರ ಕಡೆಯಿಂದ ವಾದಕ್ಕೆ ಬಂದ ಉಪಾಲಿ ಎಂಬ ಗೃಹಸ್ಥ ಕೊನೆಗೆ ಬುದ್ಧನಿಗೆ ಶರಣಾಗುತ್ತಾನೆ.

ಇಷ್ಟು ಬರೆದು ‘ಜೈನರಿಗೆ ಉದ್ದೇಶ ಲೆಕ್ಕಕ್ಕಿಲ್ಲ’ ಎಂದುಬಿಟ್ಟರೆ ತಪ್ಪು. ಈ ಕಥೆ ಬೌದ್ಧರು ಹೇಳಿದ್ದು. ಜೈನರ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ‘ಪ್ರಮತ್ತಯೋಗಾತ್’ ಎಂಬ ಮಾತು ಸೇರಿಸುತ್ತದೆ. ಎಚ್ಚರತಪ್ಪಿದ, ರಾಗದ್ವೇಷ ಕೂಡಿದ ವರ್ತನೆಯಿಂದ ಪ್ರಾಣ ತೆಗೆಯುವುದು ಹಿಂಸೆ ಎಂದು ಅರ್ಥ. ಅಂದರೆ ಮನಸ್ಸಿನ ಸ್ಥಿತಿಗೆ ಅಲ್ಲೂ ಜಾಗ ಇದೆ. ಕರ್ಮ ಅಂಟಲು ಕಷಾಯ ಬೇಕು ಎಂದದ್ದೂ ಅದಕ್ಕೇ. ಹೀಗೆ ಎರಡನೇ ಕಡೆಯವರ ಮಾತನ್ನೂ ತಂದು ತೂಗಿದ ಉತ್ತರ ಕಂಡರೆ ಪೆನ್ನು ತಾನಾಗಿಯೇ ಮೇಲಿನ ಅಂಕದ ಕಡೆ ಹೋಗುತ್ತದೆ.

ಎರಡನೇ ಕವಲು: ಕರ್ಮ ಯಾರದು? ಜೈನರಿಗೆ ನಿತ್ಯವಾದ ಜೀವ ಇದೆ, ಅಂಟುವುದು ಅದಕ್ಕೆ. ಬೌದ್ಧರು ಅನಾತ್ಮವಾದಿಗಳು. ಹಾಗಾದರೆ ಮುಂದಿನ ಜನ್ಮಕ್ಕೆ ಹೋಗುವುದು ಏನು? ಮಿಲಿಂದಪಞ್ಹದಲ್ಲಿ ನಾಗಸೇನ ಇದಕ್ಕೆ ಒಂದು ದೀಪದಿಂದ ಇನ್ನೊಂದು ದೀಪ ಹಚ್ಚುವ ಉದಾಹರಣೆ ಕೊಡುತ್ತಾನೆ. ಏನೂ ದಾಟಿ ಹೋಗಲಿಲ್ಲ, ಆದರೆ ಸಂಬಂಧ ತಪ್ಪಲಿಲ್ಲ.

ಮೂರನೆಯದು ಇವೆರಡರ ಫಲ. ಕರ್ಮ ದ್ರವ್ಯವಾದರೆ ಹಳೆಯದನ್ನು ಉದುರಿಸಲು ತಪಸ್ಸು, ಉಪವಾಸ ಬೇಕೇ ಬೇಕು. ಕರ್ಮ ಸಂಕಲ್ಪವಾದರೆ ತೃಷ್ಣೆಯನ್ನು, ಅವಿದ್ಯೆಯನ್ನು ಕಳೆಯಬೇಕು, ಮೈ ದಂಡಿಸಿ ಪ್ರಯೋಜನವಿಲ್ಲ. ಬುದ್ಧ ಮಧ್ಯಮ ಮಾರ್ಗ ಹಿಡಿದದ್ದು ಇದಕ್ಕೇ. ಜೈನರ ಸಿದ್ಧ ಲೋಕದ ತುದಿಗೆ ಏರಿ ಅನಂತ ಜ್ಞಾನದಲ್ಲಿ ನೆಲೆಸುತ್ತಾನೆ. ಬೌದ್ಧರ ನಿರ್ವಾಣ ರಾಗ, ದ್ವೇಷ, ಮೋಹಗಳು ಆರಿಹೋಗುವುದು. ಇಲ್ಲಿಗೆ ಉತ್ತರ ಮುಗಿಯಿತು. ನೋಡಿ, ಪಟ್ಟಿಯನ್ನು ಉರು ಹೊಡೆಯುವ ಅಗತ್ಯವೇ ಬರಲಿಲ್ಲ. ಮೊದಲ ಭೇದ ಹಿಡಿದರೆ ಉಳಿದವು ಅದರಿಂದಲೇ ಹೊರಟವು. ಜೈನರ ತ್ರಿರತ್ನದಲ್ಲಿ ಚಾರಿತ್ರ ಯಾಕೆ ಬೇಕು ಎಂಬುದಕ್ಕೂ ಇದೇ ಉತ್ತರ.

ಮೂರನೇ ವಾರದ ಪ್ರತಿ ದಿನ ಇಂಥದ್ದೊಂದು ಜೋಡಿಯನ್ನು ನೀವೇ ಬಿಡಿಸಿ. ದೇವರು ಎಂಬ ವಿಷಯಕ್ಕೆ ಕ್ರೈಸ್ತ ಮತ್ತು ಇಸ್ಲಾಂ ಒಳ್ಳೆಯ ಜೋಡಿ. ಪಂಗಡಗಳಿಗೆ ದಿಗಂಬರ ಶ್ವೇತಾಂಬರ, ಸುನ್ನಿ ಶಿಯಾ, ಕ್ಯಾಥೊಲಿಕ್ ಪ್ರೊಟೆಸ್ಟಂಟ್ ಸಾಕು. ಭಾನುವಾರ ಎರಡು ದೊಡ್ಡ ಉತ್ತರ ಬರೆಯಿರಿ.

ಇದರ ಬದಲು ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡುವವರೂ ಇದ್ದಾರೆ. ಟಿಪ್ಪಣಿಗಳಿಗೆ ಅದು ಕೆಲಸಕ್ಕೆ ಬರುತ್ತದೆ. ದೊಡ್ಡ ಪ್ರಶ್ನೆಯಲ್ಲಿ ‘ವಿವರಿಸಿ’ ಇದ್ದದ್ದು ‘ವಿಮರ್ಶಿಸಿ’ ಆದ ಕೂಡಲೇ ಗೈಡಿನ ಉತ್ತರ ಕೈ ಕೊಡುತ್ತದೆ. ಸಿಖ್ ಧರ್ಮ ಎಂದರೆ ಹಿಂದೂ ಮತ್ತು ಇಸ್ಲಾಮಿನ ಬೆರಕೆ ಎಂಬಂಥ ಸಡಿಲ ಮಾತುಗಳು ಪತ್ರಿಕೆಯಿಂದ ಪತ್ರಿಕೆಗೆ ಅದೇ ಪದಗಳಲ್ಲಿ ಬರುವುದನ್ನು ನೋಡಿದರೆ ಗೈಡಿನ ಜಾಡು ನಮಗೆ ಗೊತ್ತಾಗಿಬಿಡುತ್ತದೆ.

ನಾಲ್ಕನೇ ವಾರ ಹೊಸದೇನೂ ಓದಬೇಡಿ. 16 ಅಂಕದ ಉತ್ತರಕ್ಕೆ 35 ನಿಮಿಷ, ಟಿಪ್ಪಣಿಗೆ 8 ನಿಮಿಷ. ನಾಲ್ಕು ನಾಲ್ಕು ಸೇರಿ 172 ನಿಮಿಷ ಆಯಿತು, 8 ನಿಮಿಷ ಪ್ರಶ್ನೆ ಓದಲು, ತಿರುಗಿ ನೋಡಲು. ದಿನಕ್ಕೆ ಎರಡು ದೊಡ್ಡ ಉತ್ತರವನ್ನು ಈ ಲೆಕ್ಕದಲ್ಲಿ ಕೈಯಲ್ಲೇ ಬರೆಯಿರಿ. ಬ್ಯಾಂಕಿನಲ್ಲಿ ದಿನವಿಡೀ ಕೀಬೋರ್ಡ್ ಒತ್ತುವ ಕೈ ಮೂರು ಗಂಟೆ ಪೆನ್ನು ಹಿಡಿದರೆ ನೋಯುತ್ತದೆ, ಇದನ್ನು ನೌಕರಿ ಮಾಡುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಾರದ ನಡುವೆ ಒಂದು ದಿನ ರಜೆ ಸಿಕ್ಕರೆ ಪೂರ್ತಿ 3 ಗಂಟೆಯ ಪತ್ರಿಕೆ ಬರೆದು ನೋಡಿ. ಮೊದಲ ಉತ್ತರಕ್ಕೇ 50 ನಿಮಿಷ ಹಿಡಿದರೆ ಪೀಠಿಕೆ ಉದ್ದವಾಗುತ್ತಿದೆ ಎಂದು ಅರ್ಥ. ಧರ್ಮ ಎಂದರೇನು ಎಂದು ಅರ್ಧ ಪುಟ ಬರೆಯುವುದನ್ನು ನಿಲ್ಲಿಸಿ, ನೇರ ಪ್ರಶ್ನೆಗೆ ಬನ್ನಿ.

ಬರೆಯುವಾಗ ಯಾವ ಧರ್ಮದ ಮಾತೇ ಇರಲಿ, ‘ಜೈನರ ಪ್ರಕಾರ’, ‘ಮುಸ್ಲಿಮರ ನಂಬಿಕೆಯಂತೆ’ ಎಂದೇ ಬರೆಯಿರಿ. ನಿಮ್ಮ ಮನೆಯ ಧರ್ಮಕ್ಕೂ ಇದೇ ನಿಯಮ. ಯಾವುದು ಸರಿ ಎಂದು ತೀರ್ಪು ಕೊಡುವುದನ್ನು ಪ್ರಶ್ನೆ ಕೇಳಿಲ್ಲ.

ನಡುವೆ ಜ್ವರ ಬಂತು, ಆಡಿಟ್ ಬಂತು, ಒಂದು ವಾರ ಹೋಯಿತು ಅಂದುಕೊಳ್ಳಿ. ಆಗ ಮೊದಲ ಸುತ್ತನ್ನು ಧರ್ಮಕ್ಕೆ ಒಂದೇ ದಿನಕ್ಕೆ ಇಳಿಸಿ, ಮೂರನೇ ವಾರದ ಕೆಲಸವನ್ನು ಮಾತ್ರ ಕಡಿಮೆ ಮಾಡಬೇಡಿ. ಪರೀಕ್ಷೆಯ ಹಿಂದಿನ ಸಂಜೆ ಆರು ಹಾಳೆಗಳ ಕೆಂಪು ಅಕ್ಷರಗಳನ್ನಷ್ಟೇ ನೋಡಿ. ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಓದಿದ ಕೂಡಲೇ, ಕಲಸಿಹೋಗಬಹುದಾದ ಜೋಡಿ ಪಟ್ಟಿಗಳನ್ನು ಉತ್ತರಪತ್ರಿಕೆಯ ಕೊನೇ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡು, ‘ಕಚ್ಚಾ ಕೆಲಸ’ ಎಂದು ಮೇಲೆ ಗುರುತು ಹಾಕಿ, ಆಮೇಲೆ ಮೊದಲ ಉತ್ತರ ಶುರು ಮಾಡಿ.